ಪುಟ್ ಕೊಳ್ಳುವುದೋ, ಕಾಲರ್ ಕಟ್ಟುವುದೋ: 40 ಲಕ್ಷದ ಷೇರಿಗೆ ಮೂರು ತಿಂಗಳ ಲೆಕ್ಕ

ಪ್ರಶ್ನೆ: ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತೇನೆ. ವರ್ಷಗಳಿಂದ ಕೊಂಡಿಟ್ಟ ಷೇರುಗಳ ಬೆಲೆ ಈಗ ಸುಮಾರು 40 ಲಕ್ಷ. ಮಾರಿದರೆ ತೆರಿಗೆ ಬೀಳುತ್ತದೆ, ಮಾರುವ ಮನಸ್ಸೂ ಇಲ್ಲ. ಆದರೆ ಮುಂದಿನ ಮೂರು ತಿಂಗಳು ಪೇಟೆ ಕುಸಿದೀತು ಅಂತ ಭಯ. ಪುಟ್ ಕೊಂಡರೆ ಪ್ರೀಮಿಯಂ ಸುಮ್ಮನೆ ಹೋಗುತ್ತದೆ, ಕಾಲರ್ ಮಾಡಿದರೆ ಖರ್ಚೇ ಇಲ್ಲ ಅಂತ ಬ್ರೋಕರ್ ಕಚೇರಿಯಲ್ಲಿ ಹೇಳುತ್ತಾರೆ. ಯಾವುದು ಸರಿ? (ಓದುಗರು, ತಿಪಟೂರು)

ಉತ್ತರ: ಕಾಲರ್‌ಗೆ ಖರ್ಚಿದೆ. ಕಟ್ಟುವ ದಿನ ಅದು ಕಣ್ಣಿಗೆ ಬೀಳುವುದಿಲ್ಲ. ಪೇಟೆ ಜೋರಾಗಿ ಏರಿದಾಗ ಬೀಳುತ್ತದೆ, ಆಗ ಅದನ್ನು ಕೈಯಿಂದ ನಗದಾಗಿ ಕಟ್ಟಬೇಕಾಗುತ್ತದೆ. ಪುಟ್‌ನ ಖರ್ಚು ಮೊದಲೇ ಗೊತ್ತು, ಅದಕ್ಕಿಂತ ಒಂದು ಪೈಸೆ ಹೆಚ್ಚಾಗುವುದಿಲ್ಲ. ಎರಡರಲ್ಲೂ ಕೆಳಗಿನ ರಕ್ಷಣೆ ಸಿಗುವುದು ಒಂದೇ ಪುಟ್‌ನಿಂದ. ಹಾಗಾಗಿ ಆಯ್ಕೆ ನಿಜವಾಗಿ ಇರುವುದು ಆ ಪುಟ್‌ನ ಬೆಲೆಯನ್ನು ಈಗಲೇ ಕೊಡಬೇಕೋ, ಏರಿಕೆಯನ್ನು ಬಿಟ್ಟುಕೊಟ್ಟು ತೀರಿಸಬೇಕೋ ಎಂಬುದರಲ್ಲಿ.

ನಿಮ್ಮ ವ್ಯಾಪಾರದಲ್ಲೇ ಇದಕ್ಕೆ ಹೋಲಿಕೆ ಇದೆ. ಕೊಬ್ಬರಿಗೆ ಬೆಂಬಲ ಬೆಲೆ ಇದ್ದು, ನಾಫೆಡ್ ಖರೀದಿ ಕೇಂದ್ರ ತೆರೆದಿದೆ ಎಂದುಕೊಳ್ಳಿ. ಹರಾಜಿನಲ್ಲಿ ಅದಕ್ಕಿಂತ ಹೆಚ್ಚು ಬೆಲೆ ಬಂದರೆ ರೈತ ಹರಾಜಿಗೆ ತರುತ್ತಾನೆ, ಕಡಿಮೆ ಬಂದರೆ ಖರೀದಿ ಕೇಂದ್ರಕ್ಕೆ ಒಯ್ಯುತ್ತಾನೆ. ತಳದ ಬೆಲೆ ಅವನ ಹಕ್ಕು, ಮೇಲಿನ ಬೆಲೆಗೆ ತಡೆಯಿಲ್ಲ. ಪುಟ್ ಎಂದರೆ ಇದೇ, ಹಕ್ಕಿಗೆ ಪ್ರೀಮಿಯಂ ಕಟ್ಟಬೇಕು ಅಷ್ಟೆ. ಇನ್ನು ಅದೇ ರೈತ ‘ಇಷ್ಟಕ್ಕಿಂತ ಮೇಲೆ ಬೆಲೆ ಹೋದರೆ ಮೇಲಿನದ್ದೆಲ್ಲ ನಿಮಗೆ’ ಎಂದು ಇನ್ನೊಬ್ಬರಿಗೆ ಬರೆದುಕೊಟ್ಟು, ಅವರಿಂದ ಪಡೆದ ದುಡ್ಡಿನಲ್ಲಿ ಆ ಪ್ರೀಮಿಯಂ ಕಟ್ಟಿದರೆ ಅದು ಕಾಲರ್. ಪುಟ್ ಕೊಳ್ಳುವುದು, ಅದರ ಜೊತೆಗೆ ಮೇಲಿನ ಸ್ಟ್ರೈಕಿನ ಕಾಲ್ ಮಾರುವುದು. ಹಾಗೆ ಬರೆದುಕೊಡುವುದೇ ಕಾಲ್ ಮಾರುವುದು, ಹಕ್ಕು ಶುರುವಾಗುವ ಬೆಲೆಯೇ ಸ್ಟ್ರೈಕ್.

ಈಗ ನಿಮ್ಮ 40 ಲಕ್ಷಕ್ಕೆ ಬರೋಣ. ಒಂದೊಂದು ಷೇರಿಗೂ ಬೇರೆ ಬೇರೆ ಪುಟ್ ಕೊಳ್ಳುವುದು ಆಗದ ಮಾತು. ಎಷ್ಟೋ ಷೇರುಗಳಿಗೆ ಆಪ್ಷನ್ನೇ, ಅಂದರೆ ಪುಟ್ ಆಗಲಿ ಕಾಲ್ ಆಗಲಿ, ಇಲ್ಲ, ಇರುವವಕ್ಕೂ ಮೂರು ತಿಂಗಳಾಚೆಯ ಕಾಂಟ್ರಾಕ್ಟಿನಲ್ಲಿ ವಹಿವಾಟು ಇರುವುದಿಲ್ಲ. ಜೊತೆಗೆ ಷೇರಿನ ಆಪ್ಷನ್ ಎಕ್ಸ್‌ಪೈರಿಯಲ್ಲಿ, ಅಂದರೆ ಅವಧಿ ಮುಗಿಯುವ ದಿನ, ಷೇರನ್ನೇ ಕೊಟ್ಟು ತೀರಿಸಬೇಕು. ಮಾರಲು ಮನಸ್ಸಿಲ್ಲದವರಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ನಿಫ್ಟಿ ಸೂಚ್ಯಂಕದ ಆಪ್ಷನ್ ಹಿಡಿಯೋಣ. ಅದು ನಗದಿನಲ್ಲೇ ತೀರುತ್ತದೆ, ಷೇರು ಡಿಮ್ಯಾಟ್‌ನಲ್ಲಿ ಹಾಗೇ ಉಳಿಯುತ್ತದೆ.

ಆಪ್ಷನ್ ಸಿಗುವುದು ಲಾಟ್ ಎಂಬ ನಿಗದಿತ ಕಟ್ಟುಗಳಲ್ಲಿ. ಎಷ್ಟು ಲಾಟ್ ಬೇಕು ಎನ್ನುವಲ್ಲೇ ಹೆಚ್ಚಿನವರು ತಪ್ಪುವುದು. 40 ಲಕ್ಷದ ಷೇರಿಗೆ 40 ಲಕ್ಷದ ನಿಫ್ಟಿ ಎಂದು ಲೆಕ್ಕ ಹಾಕಬಾರದು. ನಿಫ್ಟಿ ಶೇ 1 ಬಿದ್ದರೆ ನಿಮ್ಮ ಷೇರುಗಳು ಶೇ ಎಷ್ಟು ಬೀಳುತ್ತವೆ ಎಂಬುದನ್ನು ಮೊದಲು ನೋಡಬೇಕು. ಅದಕ್ಕೇ ಬೀಟಾ ಎನ್ನುವುದು. ಎರಡು ವರ್ಷದ ವಾರದ ಮುಕ್ತಾಯ ಬೆಲೆಗಳನ್ನು ಎಕ್ಸೆಲ್‌ಗೆ ಹಾಕಿ, ವಾರದಿಂದ ವಾರಕ್ಕೆ ಶೇಕಡಾ ಬದಲಾವಣೆ ತೆಗೆಯಿರಿ. ಷೇರಿನದ್ದು C ಕಾಲಂನಲ್ಲಿ, ನಿಫ್ಟಿಯದ್ದು D ಕಾಲಂನಲ್ಲಿ ಇದ್ದರೆ ಸೂತ್ರ ಇಷ್ಟೇ:

```
=SLOPE(C3:C106,D3:D106)
```

ಪ್ರತಿ ಷೇರಿನ ಬೀಟಾವನ್ನು ಅದರ ಮೌಲ್ಯದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಮೌಲ್ಯದಿಂದ ಭಾಗಿಸಿ. ನಿಮ್ಮದು 1.2 ಬಂತು ಎಂದಿಟ್ಟುಕೊಳ್ಳೋಣ. ಆಗ ರಕ್ಷಣೆ ಬೇಕಾದದ್ದು 48 ಲಕ್ಷದ ನಿಫ್ಟಿಗೆ. ನಿಫ್ಟಿ 25,000 ಇದ್ದು, ಲಾಟ್ 65 ಆದರೆ (ಜನವರಿ 2026ಕ್ಕೆ ಮೊದಲು 75 ಇತ್ತು) ಒಂದು ಲಾಟಿನ ಮೌಲ್ಯ 16.25 ಲಕ್ಷ. ಮೂರು ಲಾಟ್, ಅಂದರೆ 195 ಯೂನಿಟ್. 40 ಲಕ್ಷ ಎಂದೇ ಹಿಡಿದು ಎರಡು ಲಾಟ್ ಕೊಂಡಿದ್ದರೆ ಮೂರನೇ ಒಂದು ಭಾಗ ಬಯಲಲ್ಲೇ ಉಳಿಯುತ್ತಿತ್ತು.

ಮೂರು ತಿಂಗಳಾಚೆಯ ಎಕ್ಸ್‌ಪೈರಿಗೆ, ಪೇಟೆ ಶಾಂತವಾಗಿರುವಾಗ ಇರಬಹುದಾದ ದರಗಳನ್ನು ಉದಾಹರಣೆಗೆ ಹಿಡಿಯುತ್ತೇನೆ: ಒಂದು ಯೂನಿಟ್ಟಿಗೆ 24,000ದ ಪುಟ್ `NIFTY 24000 PE` 240 ರೂಪಾಯಿ, 26,500ರ ಕಾಲ್ `NIFTY 26500 CE` 180 ರೂಪಾಯಿ. ಇಲ್ಲಿ ಒಂದು ವಿಷಯ ಗಮನಿಸಿ. ಸಾಮಾನ್ಯವಾಗಿ ಇಂಡೆಕ್ಸಿನಲ್ಲಿ ಕೆಳಗಿನ ಪುಟ್‌ಗೆ ಲೆಕ್ಕ ಹಾಕುವ ಏರಿಳಿತದ ದರ ಮೇಲಿನ ಕಾಲ್‌ಗೆ ಹಾಕುವುದಕ್ಕಿಂತ ಹೆಚ್ಚಿರುತ್ತದೆ. ಕುಸಿತಕ್ಕೆ ವಿಮೆ ಬೇಕೆನ್ನುವವರು ಹೆಚ್ಚು, ಕೊಡುವವರು ಕಡಿಮೆ. ಕಾಲರ್ ಕಟ್ಟುವವರು ತುಟ್ಟಿಯಾದದ್ದನ್ನು ಕೊಂಡು ಅಗ್ಗವಾದದ್ದನ್ನು ಮಾರುತ್ತಾರೆ. ಇದು ಕಾಲರ್‌ನ ಮೊದಲ ಅಡಗಿದ ಖರ್ಚು.

ಬರೀ ಪುಟ್ ಆದರೆ 240 ಸಲ 195, ಒಟ್ಟು 46,800 ರೂಪಾಯಿ. ನಿಮ್ಮ 40 ಲಕ್ಷದಲ್ಲಿ ಶೇ 1.17. ಮೂರು ತಿಂಗಳಿಗೆ ಇದು ತಡೆಯಬಹುದಾದ ಮೊತ್ತ. ಇದನ್ನೇ ವರ್ಷಕ್ಕೆ ನಾಲ್ಕು ಸಲ ಮಾಡುತ್ತಾ ಹೋದರೆ 1,87,200, ಅಂದರೆ ಶೇ 4.7. ಷೇರು ಇಟ್ಟುಕೊಂಡದ್ದರ ಲಾಭದಲ್ಲಿ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಪುಟ್ ಎಂಬುದು ಒಂದು ಅವಧಿಯನ್ನು ದಾಟಲು ಸರಿ, ಕಾಯಂ ಇಟ್ಟುಕೊಳ್ಳಲು ಅಲ್ಲ. ಕಾಲರ್ ಆದರೆ ಕಾಲ್ ಮಾರಿದ್ದರಿಂದ 35,100 ಬರುತ್ತದೆ, ಕೈಯಿಂದ ಹೋಗುವುದು 11,700 ಮಾತ್ರ.

ಎಕ್ಸ್‌ಪೈರಿ ದಿನ ನಿಫ್ಟಿ ಶೇ 15 ಬಿದ್ದು 21,250ಕ್ಕೆ ಬಂತು ಎನ್ನಿ. ಬೀಟಾ ಹೇಳಿದಂತೆ ನಡೆದರೆ ನಿಮ್ಮ ಷೇರು ಶೇ 18 ಇಳಿದು 7.2 ಲಕ್ಷ ಹೋಯಿತು. ಪುಟ್‌ನಿಂದ 2,750 ಸಲ 195, ಅಂದರೆ 5,36,250 ಬಂತು. ಪ್ರೀಮಿಯಂ ಕಳೆದು ನೋಡಿದರೆ ಪುಟ್ ಕೊಂಡವರ ನಷ್ಟ 2,30,550, ಕಾಲರ್ ಕಟ್ಟಿದವರ ನಷ್ಟ 1,95,450. ಕುಸಿತದಲ್ಲಿ ಕಾಲರ್ 35,100 ಮುಂದಿದೆ, ಅಂದರೆ ಕಾಲ್‌ನಿಂದ ಬಂದ ದುಡ್ಡಷ್ಟೇ. ಶೇ 3ರಷ್ಟು ಚಿಕ್ಕ ಇಳಿತದಲ್ಲೂ ಅಷ್ಟೇ ವ್ಯತ್ಯಾಸ: ಷೇರಿನಲ್ಲಿ 1,44,000 ಹೋಗುತ್ತದೆ, 24,250ರಲ್ಲಿ ಪುಟ್‌ಗೆ ಬೆಲೆಯೇ ಬರುವುದಿಲ್ಲ, ಪುಟ್ ಕೊಂಡವರ ಒಟ್ಟು ನಷ್ಟ 1,90,800, ಕಾಲರ್‌ನವರದ್ದು 1,55,700. ವಿಮೆ ಕಟ್ಟಿಯೂ ಕೆಲಸಕ್ಕೆ ಬರಲಿಲ್ಲ ಎಂದು ಜನ ಬೇಸರಪಡುವುದು ಈ ಪ್ರದೇಶದಲ್ಲೇ. ಮೊದಲ ಶೇ 4ರ ಇಳಿತ ನಿಮ್ಮದೇ ಎಂದು ಕೊಳ್ಳುವಾಗಲೇ ಒಪ್ಪಿಕೊಂಡಿದ್ದೀರಿ.

ಈಗ ಮೇಲಕ್ಕೆ ನೋಡಿ. ನಿಫ್ಟಿ ಶೇ 12 ಏರಿ 28,000 ಆದರೆ ಷೇರಿನಲ್ಲಿ 5,76,000 ಲಾಭ. ಪುಟ್ ಕೊಂಡವರಿಗೆ ಪ್ರೀಮಿಯಂ ಕಳೆದು 5,29,200 ಉಳಿಯುತ್ತದೆ. ಕಾಲರ್ ಕಟ್ಟಿದವರು ಕಾಲ್ ಮೇಲೆ 1,500 ಸಲ 195, ಅಂದರೆ 2,92,500 ಕಟ್ಟಬೇಕು, ಉಳಿಯುವುದು 2,71,800. ಕೆಳಗೆ 35,100 ಉಳಿಸಲು ಮೇಲೆ 2,57,400 ಬಿಟ್ಟುಕೊಟ್ಟಂತಾಯಿತು. ಎರಡೂ ಸಮ ಆಗುವುದು ನಿಫ್ಟಿ 26,680ಕ್ಕೆ ಬಂದಾಗ. ಮೂರು ತಿಂಗಳಲ್ಲಿ ಶೇ 6.7ಕ್ಕಿಂತ ಹೆಚ್ಚು ಏರುವುದಿಲ್ಲ ಎಂದರೆ ಕಾಲರ್ ಲಾಭ, ಏರಿದರೆ ಪುಟ್ ಲಾಭ. ಹಾಗೆ ಏರುವುದು ದಿನಾ ಆಗುವ ಮಾತಲ್ಲ, ಆದರೆ ಆಗುವ ಕಾಲ ಯಾವುದು ಎಂದು ತಿಳಿದಿರಬೇಕು: ದೊಡ್ಡ ಕುಸಿತದ ಬೆನ್ನಿಗೇ. 2020ರ ಮಾರ್ಚ್ 31ಕ್ಕೆ ನಿಫ್ಟಿ 8,598ರಲ್ಲಿ ಮುಗಿದಿತ್ತು, ಏಪ್ರಿಲ್ 30ಕ್ಕೆ 9,860. ಒಂದೇ ತಿಂಗಳಲ್ಲಿ ಶೇ 14ಕ್ಕೂ ಮೇಲೆ. ಬಿದ್ದು ಮುಗಿದ ಮೇಲೆ ಹೆದರಿ ಕಾಲರ್ ಕಟ್ಟಿದರೆ ನಷ್ಟವನ್ನು ಪೂರ್ತಿ ತಿಂದು, ಚೇತರಿಕೆಯನ್ನು ಮಾತ್ರ ಮಾರಿದಂತಾಗುತ್ತದೆ.

ಬ್ರೋಕರ್ ಕಚೇರಿಯವರು ಹೇಳುವ ‘ಖರ್ಚೇ ಇಲ್ಲದ’ ಕಾಲರ್ ಬೇಕೆಂದರೆ ಕಾಲ್ ಸ್ಟ್ರೈಕನ್ನು 26,500ರಿಂದ 26,250ಕ್ಕೆ ಇಳಿಸಬೇಕು, ಅಲ್ಲಿ ಕಾಲ್‌ಗೂ 240ರ ಆಸುಪಾಸು ಸಿಗುತ್ತದೆ. ಇವತ್ತು 11,700 ಉಳಿಯಿತು. ಆದರೆ ಪೇಟೆ ಏರಿದರೆ 250 ಸಲ 195, ಅಂದರೆ 48,750 ಹೆಚ್ಚಿಗೆ ಕಟ್ಟಬೇಕು. ಸೊನ್ನೆ ಎಂಬ ಅಂಕಿಯ ಮೋಹಕ್ಕೆ ಈ ಬದಲಾವಣೆ ಮಾಡುವುದು ನನ್ನ ಪ್ರಕಾರ ತಪ್ಪು.

ಕಾಲರ್‌ನ ಮುಖ್ಯ ತೊಂದರೆ ಲಾಭ ನಷ್ಟದ ಪಟ್ಟಿಯಲ್ಲಿ ಕಾಣುವುದೇ ಇಲ್ಲ. 28,000ದ ಉದಾಹರಣೆಯಲ್ಲಿ ಷೇರಿನ 5.76 ಲಕ್ಷ ಲಾಭ ಡಿಮ್ಯಾಟ್ ಪರದೆಯ ಮೇಲಿನ ಅಂಕಿ, ಮಾರುವವರೆಗೆ ಕೈಗೆ ಬರುವುದಿಲ್ಲ. ಕಾಲ್‌ನ 2,92,500 ಮಾತ್ರ ಎಕ್ಸ್‌ಪೈರಿಯ ಮಾರನೇ ದಿನ ನಿಮ್ಮ ಖಾತೆಯಿಂದ ನಗದಾಗಿ ಹೋಗುತ್ತದೆ. ಅದಕ್ಕೂ ಮೊದಲು ಮಾರ್ಜಿನ್, ಅಂದರೆ ಭದ್ರತೆಗೆ ಇಡಬೇಕಾದ ಮೊತ್ತ, ಇದೆ. ಡಿಮ್ಯಾಟ್‌ನಲ್ಲಿ 40 ಲಕ್ಷದ ಷೇರಿದೆ ಎಂದು ಎಕ್ಸ್‌ಚೇಂಜ್ ನಿಮ್ಮ ಕಾಲ್ ಮಾರಾಟಕ್ಕೆ ರಿಯಾಯಿತಿ ಕೊಡುವುದಿಲ್ಲ. ನಿಫ್ಟಿ ಕಾಲ್ ಮಾರಿದವರು ಯಾರೇ ಆಗಲಿ ಮಾರ್ಜಿನ್ ಇಡಬೇಕು. ಒಂದು ಲಾಟಿಗೆ ಒಂದೂವರೆ ಲಕ್ಷದ ಆಸುಪಾಸು ಎಂದರೆ ಮೂರಕ್ಕೆ ನಾಲ್ಕೂವರೆ ಲಕ್ಷ. ಷೇರುಗಳನ್ನು ಪ್ಲೆಡ್ಜ್ ಮಾಡಿ, ಅಂದರೆ ಒತ್ತೆ ಇಟ್ಟು, ಅರ್ಧ ತುಂಬಬಹುದು (ಪ್ರತಿ ಷೇರಿನ ಮೌಲ್ಯದಲ್ಲಿ ಒಂದು ಪಾಲು ಕಡಿದು ಲೆಕ್ಕಕ್ಕೆ ಹಿಡಿಯುತ್ತಾರೆ), ಉಳಿದರ್ಧ ನಗದು ಅಥವಾ ಲಿಕ್ವಿಡ್ ಫಂಡ್‌ನಂಥ ನಗದಿಗೆ ಸಮನಾದದ್ದೇ ಇರಬೇಕು. ಇಲ್ಲದಿದ್ದರೆ ಕೊರತೆಗೆ ಬ್ರೋಕರ್ ಬಡ್ಡಿ ಹಾಕುತ್ತಾರೆ. ಪೇಟೆ ಏರುತ್ತಾ ಹೋದರೆ ಮಾರ್ಜಿನ್ ಬೇಡಿಕೆಯೂ ಏರುತ್ತದೆ. ಆಗ ಹೊಂದಿಸಲಾಗದಿದ್ದರೆ ಬ್ರೋಕರ್ ಕಾಲ್ ಅನ್ನು ಆ ಕ್ಷಣದ ತುಟ್ಟಿ ಬೆಲೆಗೇ ಮುಗಿಸುತ್ತಾರೆ, ಇಲ್ಲವೇ ನೀವು ಮಾರಬಾರದೆಂದಿದ್ದ ಷೇರನ್ನೇ ಮಾರಬೇಕಾಗುತ್ತದೆ.

ಕೊಬ್ಬರಿ ವ್ಯಾಪಾರದಲ್ಲಿ ದುಡ್ಡು ಸದಾ ಸರಕಿನಲ್ಲಿ ಇಲ್ಲವೇ ಬಾಕಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ನಿಮ್ಮನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಮೂರು ತಿಂಗಳು ಮುಟ್ಟದೆ ಇಡಬಲ್ಲ ಐದೂಕಾಲು ಲಕ್ಷ ನಗದು ಇದೆಯೇ? ಮಾರ್ಜಿನ್‌ನ ನಗದು ಪಾಲು ಎರಡೂಕಾಲು ಲಕ್ಷ, ಏರಿದರೆ ಕಟ್ಟಲು ಸುಮಾರು ಮೂರು ಲಕ್ಷ. ಇಲ್ಲವೆಂದರೆ ಕಾಲರ್ ವಿಚಾರ ಬಿಡಿ. ಪುಟ್‌ಗೆ ಬೇಕಾದದ್ದು ಪ್ರೀಮಿಯಂನ 46,800 ಮಾತ್ರ. ಅದು ಮಾತ್ರ ಪೂರ್ತಿ ನಗದೇ ಆಗಿರಬೇಕು, ಷೇರು ಪ್ಲೆಡ್ಜ್ ಮಾಡಿ ಪಡೆದ ಮಾರ್ಜಿನ್ನಿನಿಂದ ಆಪ್ಷನ್ ಕೊಳ್ಳಲಾಗದು.

ತೆರಿಗೆ ವಿಚಾರದಲ್ಲಿ ಎರಡಕ್ಕೂ ಒಂದು ಪೆಟ್ಟಿದೆ. ಆಪ್ಷನ್‌ನ ಲಾಭ ನಷ್ಟ ವ್ಯಾಪಾರದ ಆದಾಯದಲ್ಲಿ ಸೇರುತ್ತದೆ, ಷೇರಿನದ್ದು ಬಂಡವಾಳ ಲಾಭದ ಲೆಕ್ಕ. ಶೇ 15 ಕುಸಿತದಲ್ಲಿ ಪುಟ್‌ನ ನಿವ್ವಳ ಲಾಭ 4,89,450. ನೀವು ಶೇ 30ರ ಹಂತದಲ್ಲಿದ್ದರೆ ಸುಮಾರು ಒಂದೂವರೆ ಲಕ್ಷ ತೆರಿಗೆ. ಷೇರಿನ 7.2 ಲಕ್ಷ ನಷ್ಟ ಮಾರದ ಹೊರತು ನಷ್ಟವೆಂದು ಲೆಕ್ಕಕ್ಕೇ ಬರದು, ಮಾರಿದರೂ ಬಂಡವಾಳ ನಷ್ಟವನ್ನು ವ್ಯಾಪಾರದ ಲಾಭಕ್ಕೆ ಹೊಂದಿಸಲು ಬರುವುದಿಲ್ಲ. ಹಾಗಾಗಿ 2.3 ಲಕ್ಷವೆಂದುಕೊಂಡ ನಷ್ಟ ತೆರಿಗೆಯ ನಂತರ 3.8 ಲಕ್ಷದ ಹತ್ತಿರ ಹೋಗುತ್ತದೆ. ಆಗಲೂ ಅದು 7.2 ಲಕ್ಷದ ಅರ್ಧದ ಆಸುಪಾಸು, ಆದರೆ ಹೆಚ್ಚಿನ ಉದಾಹರಣೆಗಳು ಈ ಸಾಲನ್ನು ಬಿಟ್ಟೇ ಲೆಕ್ಕ ತೋರಿಸುತ್ತವೆ. ತಿರುಗಿ ನೋಡಿದರೆ, ಪೇಟೆ ಏರಿ ಆಪ್ಷನ್‌ನಲ್ಲಿ ನಷ್ಟವಾದರೆ ಅದನ್ನು ಅದೇ ವರ್ಷದ ನಿಮ್ಮ ಕೊಬ್ಬರಿ ವ್ಯಾಪಾರದ ಲಾಭಕ್ಕೆ ಹೊಂದಿಸಬಹುದು. ಸಂಬಳದವರಿಗೆ ಈ ಅನುಕೂಲ ಇಲ್ಲ, ವ್ಯಾಪಾರದ ನಷ್ಟ ಸಂಬಳಕ್ಕೆ ಹೊಂದುವುದಿಲ್ಲ. ಆರ್ಡರ್ ಹಾಕುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಕೂತು ಇದನ್ನು ನಿಮ್ಮ ಅಂಕಿಗಳಲ್ಲಿ ನೋಡಿ.

ಇನ್ನೊಂದು ಬಿರುಕು ಬೀಟಾದಲ್ಲೇ ಇದೆ. ಅದು ಹಿಂದಿನ ಸರಾಸರಿ. ಸೆಪ್ಟೆಂಬರ್ 2024ರ ಎತ್ತರದಿಂದ ಮಾರ್ಚ್ 2025ರ ಮೊದಲ ವಾರಕ್ಕೆ ನಿಫ್ಟಿ ಸುಮಾರು ಶೇ 16 ಇಳಿದಿತ್ತು, ಸ್ಮಾಲ್‌ಕ್ಯಾಪ್ ಸೂಚ್ಯಂಕ ತನ್ನ ಎತ್ತರದಿಂದ ಕಾಲು ಭಾಗದಷ್ಟು ಕಳೆದುಕೊಂಡಿತ್ತು. ನಿಮ್ಮ 40 ಲಕ್ಷದಲ್ಲಿ ಚಿಕ್ಕ ಕಂಪನಿಗಳ ಪಾಲು ದೊಡ್ಡದಾಗಿದ್ದರೆ ನಿಫ್ಟಿ ಪುಟ್ ಅದನ್ನು ಪೂರ್ತಿ ಮುಚ್ಚುವುದಿಲ್ಲ. ಕಾಲರ್‌ನಲ್ಲಿ ಇದು ಎರಡೂ ಕಡೆ ಕಡಿಯಬಹುದು: ದೊಡ್ಡ ಬ್ಯಾಂಕುಗಳು ಏರಿ ನಿಫ್ಟಿ 28,000 ಮುಟ್ಟಿ, ನಿಮ್ಮ ಚಿಕ್ಕ ಷೇರುಗಳು ಇದ್ದಲ್ಲೇ ಇದ್ದರೆ, ಷೇರಿನಲ್ಲಿ ಲಾಭವಿಲ್ಲದೆ ಕಾಲ್‌ಗೆ 2.92 ಲಕ್ಷ ಕಟ್ಟುವಿರಿ. ಅಂಥ ಷೇರುಗಳ ಪಾಲು ಅರ್ಧಕ್ಕಿಂತ ಹೆಚ್ಚಿದ್ದವರು ನಿಫ್ಟಿ ಕಾಲ್ ಮಾರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವುಗಳಲ್ಲಿ ಸ್ವಲ್ಪ ಮಾರಿ, ತೆರಿಗೆ ಕಟ್ಟಿ, ಉಳಿದದ್ದಕ್ಕೆ ಪುಟ್ ಕೊಳ್ಳುವುದು ಮೇಲು.

ಯಾವಾಗ ಯಾವುದು ಎಂಬುದಕ್ಕೆ ಎನ್‌ಎಸ್‌ಇ ತೋರಿಸುವ, ಪೇಟೆ ನಿರೀಕ್ಷಿಸುವ ಏರಿಳಿತವನ್ನು ಅಳೆಯುವ ಇಂಡಿಯಾ ವಿಐಎಕ್ಸ್ ನೋಡಿ. ಅದು 10ರಿಂದ 13ರೊಳಗೆ ಇದ್ದಾಗ ಪುಟ್ ಅಗ್ಗ, ಕಾಲ್ ಮಾರಿದರೂ ಸಿಗುವುದು ಚಿಲ್ಲರೆ. ಬರೀ ಪುಟ್ ಕೊಳ್ಳಿ. 20 ದಾಟಿದಾಗ ಬರೀ ಪುಟ್ ಕೈ ಸುಡುತ್ತದೆ, ಆಗ ಕಾಲ್‌ಗೂ ಒಳ್ಳೆ ಬೆಲೆ ಇರುವುದರಿಂದ ಸ್ಟ್ರೈಕನ್ನು ದೂರ ಇಟ್ಟೇ ಖರ್ಚು ತಗ್ಗಿಸಬಹುದು. 2024ರ ಲೋಕಸಭಾ ಚುನಾವಣೆಯಲ್ಲಿ ಇದು ಚೆನ್ನಾಗಿ ಕಂಡಿತು. ಏಪ್ರಿಲ್‌ನಲ್ಲಿ 10ರ ಸುತ್ತ ಇದ್ದ ವಿಐಎಕ್ಸ್ ಮೇ ಕೊನೆಗೆ 20 ದಾಟಿತ್ತು. ಫಲಿತಾಂಶದ ದಿನ, ಜೂನ್ 4ರಂದು, ನಿಫ್ಟಿ ಶೇ 6ರ ಹತ್ತಿರ ಬಿತ್ತು. 7ನೇ ತಾರೀಕಿಗೆ ಬಿದ್ದದ್ದೆಲ್ಲ ವಾಪಸ್ ಬಂದಿತ್ತು. ಭಯ ಹುಟ್ಟಿದ ಮೇಲೆ ಕೊಂಡವರು ಎರಡು ಪಟ್ಟು ಬೆಲೆ ಕೊಟ್ಟು, ಮೂರು ದಿನದಲ್ಲಿ ಅದು ಕರಗುವುದನ್ನು ನೋಡಬೇಕಾಗಿತ್ತು.

ನಿಮ್ಮ ಸ್ಥಿತಿಗೆ ಮಧ್ಯದ ದಾರಿಯೊಂದು ಹೊಂದೀತು. ಪುಟ್ ಮೂರು ಲಾಟ್, ಕಾಲ್ ಎರಡೇ ಲಾಟ್. ಕಾಲ್‌ನಿಂದ 23,400 ಬಂದು ಖರ್ಚು ಸರಿಯಾಗಿ ಅರ್ಧಕ್ಕಿಳಿಯುತ್ತದೆ. ಕೆಳಗಿನ ರಕ್ಷಣೆ ಪೂರ್ತಿ ಇರುತ್ತದೆ. ನಿಫ್ಟಿ 28,000 ಆದರೆ ಕಟ್ಟಬೇಕಾದದ್ದು 1,95,000, ಉಳಿಯುವ ಲಾಭ 3,57,600. ಮಾರ್ಜಿನ್ ಕೂಡ ಮೂರರಲ್ಲಿ ಎರಡು ಪಾಲು. ಬೀಟಾ ಲೆಕ್ಕ ಸ್ವಲ್ಪ ತಪ್ಪಿದರೂ ಮೇಲುಗಡೆ ನಿಮಗೆ ಉಸಿರಾಡಲು ಜಾಗ ಇರುತ್ತದೆ.

ಆರ್ಡರ್ ಹಾಕುವಾಗ ಪುಟ್ ಮೊದಲು ಕೊಳ್ಳಿ, ಅದು ಬಂದ ಮೇಲೆ ಕಾಲ್ ಮಾರಿ. ಮೂರು ತಿಂಗಳಾಚೆಯ ಕಾಂಟ್ರಾಕ್ಟಿನಲ್ಲಿ ವಹಿವಾಟು ತೆಳು. 500 ಅಥವಾ 1,000ದ ಗುಣಕದ ಸ್ಟ್ರೈಕ್‌ಗಳಲ್ಲಿ ಮಾತ್ರ ಕೊಳ್ಳುವವರು, ಮಾರುವವರು ಇಬ್ಬರೂ ಸಿಗುತ್ತಾರೆ. 24,000 ಮತ್ತು 26,500 ಆರಿಸಿದ್ದು ಅದಕ್ಕೇ. ಪರದೆಯಲ್ಲಿ ಕೊಳ್ಳುವವರ ಬೆಲೆ 232, ಮಾರುವವರ ಬೆಲೆ 248 ಎಂದಿದ್ದರೆ ಮಾರ್ಕೆಟ್ ಆರ್ಡರ್ ಹಾಕಬೇಡಿ, ಮೂರು ಲಾಟಿನಲ್ಲಿ ಒಂದೂವರೆ ಸಾವಿರ ರೂಪಾಯಿ ಅಲ್ಲೇ ಸೋರಿಹೋಗುತ್ತದೆ. 240ಕ್ಕೆ ಲಿಮಿಟ್ ಹಾಕಿ ಕಾಯಿರಿ, ಬರದಿದ್ದರೆ ಒಂದೊಂದೇ ರೂಪಾಯಿ ಏರಿಸಿ. ಬೆಳಗಿನ ಮೊದಲ ಕಾಲು ಗಂಟೆ ಬಿಟ್ಟು ಮಾಡಿ.

ಮುಗಿಸುವಾಗ ಕ್ರಮ ಉಲ್ಟಾ: ಕಾಲ್ ಅನ್ನು ಮೊದಲು ವಾಪಸ್ ಕೊಳ್ಳಿ, ಆಮೇಲೆ ಪುಟ್ ಮಾರಿ. ಪೇಟೆ ಬಿದ್ದಾಗ ಪುಟ್‌ನ ಲಾಭ ನೋಡಿ ಅದನ್ನು ಮಾತ್ರ ಮಾರಿ, ‘ಕಾಲ್ ಹೇಗೂ ಸೊನ್ನೆಯಾಗುತ್ತದೆ, ಇರಲಿ’ ಎಂದು ಬಿಡುವವರು ಬಹಳ. 180ಕ್ಕೆ ಮಾರಿದ ಕಾಲ್ ಆಗ 15 ಇಲ್ಲವೇ 20 ರೂಪಾಯಿಗೆ ಸಿಗುತ್ತಿರುತ್ತದೆ. ಎರಡು ಲಾಟಿಗೆ ಎರಡೂವರೆ ಸಾವಿರದ ಆಸುಪಾಸು ಕೊಟ್ಟರೆ ಕಡತವೇ ಮುಚ್ಚುತ್ತದೆ. ಅದನ್ನು ಮುಚ್ಚದೆ ಪುಟ್ ಮಾರಿದರೆ, ಆಮೇಲಿನ ಏರಿಕೆಯಲ್ಲಿ ನಿಮ್ಮ ಕೈಯಲ್ಲಿ ಉಳಿಯುವುದು ಕಾಲ್‌ನ ಹೊಣೆ ಮಾತ್ರ.